ಫೋನ್ ಮೋಕ್ಯಾಪ್: ನಿಂತಲ್ಲೇ ನಡುಗುವ ಪಾದಕ್ಕೆ ಏನು ಮಾಡುತ್ತೀರಿ?

ಪ್ರಶ್ನೆ: ಒಂದೇ ಫೋನಿನಲ್ಲಿ ವಿಡಿಯೋ ತೆಗೆದು, ಅದರಲ್ಲಿನ ಮೈಚಲನೆಯನ್ನು ಮೋಕ್ಯಾಪ್ ಮಾಡಿ, ಬ್ಲೆಂಡರ್‌ನಲ್ಲಿ ಕ್ಯಾರೆಕ್ಟರ್‌ಗೆ ಹಾಕಿದ್ದೇನೆ. ಸುಮ್ನೆ ನಿಂತಿದ್ದರೂ ಪಾದ ನಡುಗುತ್ತದೆ. ಎಲ್ಲ ಕರ್ವ್ ಸ್ಮೂತ್ ಮಾಡಿದರೆ ಕ್ಯಾರೆಕ್ಟರ್ ಗುದ್ದುವಾಗಿನ ಬಿರುಸೇ ಹೋಗುತ್ತದೆ. ನೀವೆಲ್ಲ ಹೇಗೆ ಮಾಡುತ್ತೀರಿ?

ಉತ್ತರ: 60 ಫ್ರೇಮ್‌ನಲ್ಲಿ ರೆಕಾರ್ಡ್ ಮಾಡಿ, ನಡುಕ ಹೋಗುತ್ತದೆ. ನನಗಂತೂ ಹೋಯಿತು.

ಇನ್ನೊಬ್ಬರು: ಅದು ಅರ್ಧ ನಿಜ. ವೇಗವಾಗಿ ಬೀಸುವ ಕೈ ಮಸುಕಾಗುವುದು ಕಡಿಮೆಯಾಗುತ್ತದೆ, ಬೆಳಕು ಚೆನ್ನಾಗಿದ್ದರೆ. ಆದರೆ ನಿಂತಲ್ಲೇ ನಡುಗುವುದಕ್ಕೆ ಕಾರಣ ಬೇರೆ. ಒಂದೇ ಕ್ಯಾಮೆರಾಗೆ ಮೇಲೆ-ಕೆಳಗೆ, ಎಡ-ಬಲ ಕಾಣುತ್ತದೆ, ಹಿಂದೆ-ಮುಂದೆ ಎಷ್ಟು ಅನ್ನುವುದು ಬರೀ ಅಂದಾಜು. ಆ ಅಂದಾಜು ಫ್ರೇಮಿಂದ ಫ್ರೇಮಿಗೆ ಬದಲಾಗುತ್ತದೆ, ಸೊಂಟ ಅಲುಗುತ್ತದೆ, ಸೊಂಟಕ್ಕೆ ನೇತುಬಿದ್ದಿರುವ ಮೈಯೆಲ್ಲ ಅದರ ಜೊತೆ ಅಲುಗುತ್ತದೆ.

ಮೊದಲು ನೋಡಿ: ಎರಡೂ ಪಾದ ಒಟ್ಟಿಗೆ ಒಂದೇ ಕಡೆಗೆ ನಡುಗುತ್ತಿವೆಯಾ? ಹಾಗಿದ್ದರೆ ತಪ್ಪು ಸೊಂಟದ್ದು. ಒಂದೇ ಪಾದ ಆದರೆ ಆ ಕಾಲಿನದ್ದು.

ಗ್ರಾಫ್ ಎಡಿಟರ್‌ನಲ್ಲಿ ಸೊಂಟದ ಬೋನಿನ ಮೂರು ಲೊಕೇಶನ್ ಕರ್ವ್ ತೆರೆಯಿರಿ, ಒಂದು ಮಾತ್ರ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಅದೊಂದಕ್ಕೇ Butterworth Smooth ಹಾಕಿ, Frequency Cutoff 2 ಅಥವಾ 3 ಇಡಿ. ಕೈಗಳಿಗೆ 7-8 ಸಾಕು, ಗುದ್ದುವ ಫ್ರೇಮ್‌ಗಳನ್ನಂತೂ ಮುಟ್ಟಲೇಬೇಡಿ. ಆಮೇಲೆ ಕಾಲನ್ನು ಐಕೆಗೆ ಬೇಕ್ ಮಾಡಿ, ಪಾದ ನೆಲಕ್ಕೆ ತಾಗಿದ ಫ್ರೇಮಿಂದ ಏಳುವ ಫ್ರೇಮಿನವರೆಗೆ ಮಧ್ಯದ ಕೀ ಎಲ್ಲ ಅಳಿಸಿ, ಎರಡು ತುದಿಯಲ್ಲೂ ಒಂದೇ ವ್ಯಾಲ್ಯೂ ಕೊಡಿ. ಮಂಡಿ ಟಕ್ಕಂತ ನೆಟ್ಟಗಾದರೆ ಸೊಂಟವನ್ನು ಒಂಚೂರು ಇಳಿಸಿ.

ಫೋನ್ ವಿಡಿಯೋದ ಫ್ರೇಮ್ ರೇಟ್ ಏರುಪೇರಾಗುವುದೂ ಉಂಟು, ಹಾಗಾಗಿ ಮೋಕ್ಯಾಪ್‌ಗೆ ಕೊಡುವ ಮೊದಲೇ ನಾನು ಇದನ್ನು ಓಡಿಸುತ್ತೇನೆ:

```
ffmpeg -i in.mp4 -vf fps=30 -crf 18 out.mp4
```

ಮತ್ತೊಬ್ಬರು: ನಾನು ಐಫೋನಿನಲ್ಲಿ ಮುಖ ಮಾತ್ರ ಕ್ಯಾಪ್ಚರ್ ಮಾಡುವುದು. ಅಲ್ಲೂ ಇದೇ ಗೋಳು: 52 ಶೇಪ್‌ಗಳನ್ನೂ ಸ್ಮೂತ್ ಮಾಡಿದರೆ ಕಣ್ಣು ಪೂರ್ತಿ ಮುಚ್ಚುವುದೇ ಇಲ್ಲ, ಕ್ಯಾರೆಕ್ಟರ್ ನಿದ್ದೆಗಣ್ಣಲ್ಲಿ ಮಾತಾಡುತ್ತದೆ. ರೆಪ್ಪೆಯ ಎರಡು ಶೇಪ್ ಬಿಟ್ಟು ಮಿಕ್ಕವನ್ನು ಮಾತ್ರ ಸ್ಮೂತ್ ಮಾಡುತ್ತೇನೆ. ಪಾದದ ಬಗ್ಗೆ ಗೊತ್ತಿಲ್ಲ ಬಿಡಿ.

ಕೇಳಿದವರು: ಸೊಂಟದ್ದೇ ಸರ್! ಒಂದು ಕರ್ವ್ ಸರಿಮಾಡಿದ ಕೂಡಲೇ ಮುಕ್ಕಾಲು ನಡುಕ ನಿಂತಿತು. ಆದರೆ ಪಕ್ಕಕ್ಕೆ ತಿರುಗಿದಾಗ ಎಡಗಾಲು ಬಲಗಾಲು ಅದಲು ಬದಲಾಗುತ್ತಿವೆ. ಇದೂ ಸ್ಮೂತಿಂಗಾ?

ಇನ್ನೊಬ್ಬರು: ಅಲ್ಲ. ಒಂದು ಕಾಲು ಇನ್ನೊಂದನ್ನು ಮರೆಮಾಡಿದೆ, ಅಲ್ಲಿ ಡೇಟಾನೇ ತಪ್ಪು. ಸ್ಮೂತ್ ಮಾಡಿದರೆ ತಪ್ಪೇ ನುಣುಪಾಗುತ್ತದೆ ಅಷ್ಟೆ. ಆ ಫ್ರೇಮ್‌ಗಳ ಕೀ ಕಿತ್ತು ಕೈಯಲ್ಲಿ ಪೋಸ್ ಕೊಡಿ, ಇಲ್ಲಾ ಕ್ಯಾಮೆರಾವನ್ನು ಓರೆಯಾಗಿಟ್ಟು ಮತ್ತೆ ತೆಗೆಯಿರಿ.

ಮೊದಲು ಉತ್ತರಿಸಿದವರು: ಎರಡು ಪ್ಯಾಂಟ್ ಕಾಲಿಗೂ ಬೇರೆ ಬೇರೆ ಬಣ್ಣದ ಪಟ್ಟಿ ಸುತ್ತಿದರೆ?

ಇನ್ನೊಬ್ಬರು: ನಾನು ಮಾಡಿ ನೋಡಿಲ್ಲ. ಮಾಡಿದವರು ಹೇಳಲಿ.