ಗುರುವಿಗೆ ಎರಡೇ ಮಾತ್ರೆ

ಸೆಪ್ಟೆಂಬರ್ 5ಕ್ಕೆ ನಮ್ಮ ಕನ್ನಡ ಮೇಷ್ಟ್ರ ಬಗ್ಗೆ ನಾಲ್ಕು ಸಾಲಿನ ಪೋಸ್ಟ್ ಹಾಕೋಣ ಅಂತ ಮ್ಯೂನಿಕ್‌ನ ನನ್ನ ಅಡುಗೆಮನೆಯಲ್ಲಿ ಕೂತು "ಅಜ್ಞಾನದ ಕತ್ತಲೆ ಕಳೆದ ಪೂಜ್ಯ ಗುರುಗಳೇ" ಅಂತ ಶುರು ಮಾಡಿದೆ. ವಿಡಿಯೊ ಕಾಲ್‌ನಲ್ಲಿದ್ದ ಗುಂಡ ನಕ್ಕುಬಿಟ್ಟ.

"ಏನೋ ಇದು, ಸನ್ಮಾನ ಪತ್ರಾನಾ? ಬಸ್ಸು ತಪ್ಪಿದ ಕತೆ ಬರಿ."

"ಬೇಡ ಮಾರಾಯ, ಆಫೀಸಿನವರೂ ನೋಡ್ತಾರೆ."

"ನಿಮ್ಮ ಜರ್ಮನ್ನರಿಗೆ ಕನ್ನಡ ಬರುತ್ತಾ?" ಅಂದಳು ಪದ್ದು.

ಸರಿ, ಬರೆದೆ. ಒಂಬತ್ತನೇ ಕ್ಲಾಸು, ಛಂದಸ್ಸಿನ ಪಾಠ. ನಾನು ತಡವಾಗಿ ಬಂದು ಬಾಗಿಲಲ್ಲಿ ನಿಂತು "ಬಸ್ಸು ತಪ್ಪಿತು ಸಾರ್" ಅಂದೆ. ಮೇಷ್ಟ್ರು ಬೈಯಲಿಲ್ಲ, ಅದನ್ನೇ ಬೋರ್ಡಿನ ಮೇಲೆ ಬರೆದು ಪ್ರಸ್ತಾರ ಹಾಕು ಅಂತ ಚಾಕ್‌ಪೀಸ್ ಕೊಟ್ಟರು. 'ಬ' ಹ್ರಸ್ವ ಅಂತ ನಾನು ಲಘು ಹಾಕಿದೆ. "ಮುಂದೆ ಒತ್ತಕ್ಷರ ಇದೆಯಲ್ಲೋ, ಹಿಂದಿನದು ಗುರು ಆಗುತ್ತೆ" ಅಂದರು. ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. 'ಬಸ್ಸು' ಮೂರು, 'ತಪ್ಪಿತು' ನಾಲ್ಕು.

ಮೇಷ್ಟ್ರ ಕಣ್ಣು ಅರಳಿತು. "ಲೋ, ಮೂರು ನಾಲ್ಕು! ಕುಮಾರವ್ಯಾಸನ ಭಾಮಿನಿ ಷಟ್ಪದಿ ಹೀಗೇ ನಡೆಯೋದು. ಇನ್ನೊಂದು ಮೂರು ನಾಲ್ಕು ಸೇರಿಸು, ಒಂದು ಸಾಲು ಆಗುತ್ತೆ."

ಹಿಂದಿನ ಬೆಂಚಿನಿಂದ ಗುಂಡ "ಮಳೆಯು ಬಂದಿತು" ಅಂದ. ಆಮೇಲೆ ಇಡೀ ಕ್ಲಾಸು ಸೇರಿ ಅರ್ಧ ಪದ್ಯ ಕಟ್ಟಿತು:

ಬಸ್ಸು ತಪ್ಪಿತು ಮಳೆಯು ಬಂದಿತು
ಛತ್ರಿ ಹರಿಯಿತು ಚೀಲ ನೆನೆಯಿತು
ಹೇಗೆ ಬರುವುದು ಬೇಗ ಶಾಲೆಗೆ ನೀವೆ ಹೇಳಿರಿ ಸಾರ್

ಮೊದಲೆರಡು ಸಾಲಿಗೆ ಹದಿನಾಲ್ಕು ಹದಿನಾಲ್ಕು ಮಾತ್ರೆ. ಮೂರನೇ ಸಾಲಲ್ಲಿ ಮೂರು ನಾಲ್ಕು ಮೂರು ಸಲ ಬಂದು ಕೊನೆಗೆ ಒಂದು ಗುರು ಬೇಕು. ಆ ಜಾಗದಲ್ಲಿ 'ಸಾರ್' ಸರಿಯಾಗಿ ಕೂತಿತ್ತು!

"ಮಾತ್ರೆ ಸರಿ, ಪ್ರಾಸ ಎಲ್ಲಿ? ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಇಲ್ಲಿ ಸ್ಸ, ತ್ರ, ಗ. ಹೊರಗೆ ನಿಂತ್ಕೊಂಡು ಹುಡುಕು" ಅಂದರು. ಪೀರಿಯಡ್ ಮುಗಿಯೋವರೆಗೂ ನಿಂತೆ, ಸಿಗಲಿಲ್ಲ.

"ಈಗಲೂ ಆಫೀಸಿಗೆ ತಡವಾದರೆ ಮೊದಲು ಬಾಯಿಗೆ ಬರೋದು 'ರೈಲು ತಪ್ಪಿತು', ಅದೂ ಮೂರು ನಾಲ್ಕೇ" ಅಂತ ಓದಿದೆ.

"ಒಂದು ನಿಮಿಷ," ಪದ್ದು ಬೆರಳು ಮಡಚುತ್ತಿದ್ದಳು. "'ಗುರು' ಅನ್ನೋದರಲ್ಲಿ ಎರಡೂ ಅಕ್ಷರ ಲಘು, ಒಟ್ಟು ಎರಡು ಮಾತ್ರೆ. 'ಶಿಷ್ಯ' ಮೂರು. ಗುರುವಿಗಿಂತ ನೀನೇ ಭಾರ!"

"ಅದಕ್ಕೇ 'ಮೇಷ್ಟ್ರು' ಅಂತ ಬರೀತೀನಿ. ಮೂರು ಮೂರು, ಸಮ."

ಗುಂಡ ಮಾತಾಡುತ್ತಲೇ ಇರಲಿಲ್ಲ. ಇದ್ದಕ್ಕಿದ್ದಂತೆ ಕೂಗಿದ, "ಸಿಕ್ತು! ಲಸ್ಸಿ ಕುಡಿದೆನು ಹೊಟ್ಟೆ ಕೆಟ್ಟಿತು! ಬಸ್ಸು, ಲಸ್ಸಿ!"

ಎಣಿಸಿದೆವು. ಹದಿನಾಲ್ಕು, ಪ್ರಾಸವೂ ಕೂತಿತ್ತು.

"ಇಷ್ಟು ವರ್ಷ ಬೇಕಾಯ್ತೇನೋ? ನಾನು ಅವತ್ತು ಹೊರಗೆ ನಿಂತಿದ್ದೆ!"

"ಬೈಬೇಡ. ಮೂರನೇ ಸಾಲಿಗೂ ಒಂದು 'ಸ್ಸ' ಬೇಕು. ಬುಸ್ಸು ಅಂತ ಶುರು ಮಾಡೋಣ್ವಾ?"

ಪೋಸ್ಟ್ ಇನ್ನೂ ಹಾಕಿಲ್ಲ.