ರಾತ್ರಿ ಸರಿಯಿದ್ದ ಹೆಬ್ಬೆರಳು ಬೆಳಗ್ಗೆ ಕೆಂಪಾಗಿ ಊದಿದೆ: ಉಳುಕೋ, ಗೌಟೋ?

ದಾವಣಗೆರೆಯವನು:
ವಯಸ್ಸು 41. ನಿನ್ನೆ ಮಲಗುವಾಗ ಏನೂ ಇರಲಿಲ್ಲ. ರಾತ್ರಿ ಮೂರು ಗಂಟೆಗೆ ಎಡಗಾಲಿನ ಹೆಬ್ಬೆರಳಿನ ನೋವಿಗೆ ಎಚ್ಚರವಾಯಿತು. ಬುಡದ ಕೀಲು ಕೆಂಪಾಗಿ ಊದಿದೆ, ಮುಟ್ಟಿದರೆ ಬಿಸಿ. ಸಂಜೆ ಶಟಲ್ ಆಡಿದ್ದೆ, ಬಿದ್ದಿಲ್ಲ, ಎಡವಿಲ್ಲ. ಭಾನುವಾರ ಬೀಗರೂಟ ಇತ್ತು. ಬಿಪಿ ಮಾತ್ರೆ ಬಿಟ್ಟು ಬೇರೇನೂ ತೆಗೆದುಕೊಳ್ಳುವುದಿಲ್ಲ. ಅಮ್ಮ ಉಳುಕು ಅಂತಾರೆ, ಎಣ್ಣೆ ಹಚ್ಚಿ ನೀವಿಸಿಕೋ ಅಂತಾರೆ. ಡಾಕ್ಟರ್ ಹತ್ತಿರ ಇವತ್ತೇ ಹೋಗಬೇಕಾ, ಎರಡು ದಿನ ನೋಡಬಹುದಾ?

ಮಂಡ್ಯ ಕಡೆಯವನು:
ನೀವಿಸಬೇಡಿ ಅಣ್ಣ, ಮೊದಲು ಅದನ್ನು ಹೇಳಿಬಿಡುತ್ತೇನೆ. 2019ರಲ್ಲಿ ನಾನು ಅದನ್ನೇ ಮಾಡಿದ್ದು. ಗದ್ದೆ ಬದುವಿನ ಮೇಲೆ ಕಾಲು ಹೊರಳಿರಬೇಕು ಅಂದುಕೊಂಡೆ, ಹೊರಳಿದ ನೆನಪೇ ಇರಲಿಲ್ಲ. ಪಕ್ಕದ ಊರಲ್ಲಿ ಉಳುಕು ತೆಗೆಯುವವರ ಹತ್ತಿರ ಹೋದೆ. ಒಂದು ಸಲಕ್ಕೆ 300 ರೂಪಾಯಿ, ಮೂರು ಸಲ. ಮೊದಲನೇ ದಿನ ಬಿಸಿ ಎಣ್ಣೆ ಹಾಕಿ ಬೆರಳು ಎಳೆದಾಗ ನಾನು ಕಿರುಚಿದ್ದು ಬೀದಿಗೆಲ್ಲ ಕೇಳಿಸಿತು. ರಾತ್ರಿಗೆ ಊತ ಪಾದದ ಅರ್ಧಕ್ಕೆ ಬಂತು. ಹೊದಿಕೆ ತಾಗಿದರೂ ಜೀವ ಹೋಗುತ್ತಿತ್ತು, ಫ್ಯಾನ್ ಗಾಳಿ ಕೂಡ ಬೇಡ ಅನ್ನಿಸುತ್ತಿತ್ತು. ಎಂಟನೇ ದಿನ ತಾನಾಗಿ ಇಳಿಯಿತು. ಉಳುಕು ತೆಗೆದವರು ನಾನೇ ವಾಸಿ ಮಾಡಿದೆ ಅಂದರು, ನಾನೂ ನಂಬಿದೆ.

ಐದು ತಿಂಗಳಿಗೆ ಮತ್ತೆ ಅದೇ ಬೆರಳು, ಅದೇ ರಾತ್ರಿ ಹೊತ್ತು. ಈ ಸಲ ಆರ್ಥೋ ಡಾಕ್ಟರ್. ಎಕ್ಸ್‌ರೇಗೆ 450, ಅದರಲ್ಲಿ ಏನೂ ಇಲ್ಲ. ರಕ್ತದಲ್ಲಿ ಯೂರಿಕ್ ಆಸಿಡ್ ಜಾಸ್ತಿಯಾಗಿ ಕೀಲಲ್ಲಿ ಹರಳಾಗಿ ಕೂತರೆ ಅದೇ ಗೌಟ್, ನನಗೆ ಯೂರಿಕ್ ಆಸಿಡ್ 5.8 ಬಂತು. "ನಾರ್ಮಲ್ ಇದೆ, ಗೌಟ್ ಅಲ್ಲ" ಅಂತ ಕಳಿಸಿದರು. ಆ ಒಂದು ಮಾತಿಗೆ ನಾನು ಒಂದೂವರೆ ವರ್ಷ ಅನುಭವಿಸಿದೆ. ಆಮೇಲೆ ಹಿಮ್ಮಡಿ ಪಕ್ಕದ ಕೀಲು, ಆಮೇಲೆ ಮಂಡಿ. ಬೇರೆ ಡಾಕ್ಟರ್ ಹೇಳಿದ್ದು ಇಷ್ಟು: ನೋವು ಜೋರಾಗಿರುವಾಗ ರಕ್ತದಲ್ಲಿ ಯೂರಿಕ್ ಆಸಿಡ್ ಇಳಿದಿರಬಹುದು, ನೋವು ಹೋದ ಎರಡು ಮೂರು ವಾರದ ಮೇಲೆ ಮತ್ತೆ ಮಾಡಿಸಿ ಅಂತ. ಮಾಡಿಸಿದೆ, 9.1. ಈಗ ಯೂರಿಕ್ ಆಸಿಡ್ ಇಳಿಸುವ ಮಾತ್ರೆ ಅಲೋಪ್ಯೂರಿನಾಲ್ 300, ಯೂರಿಕ್ ಆಸಿಡ್ 5.4, ಎರಡು ವರ್ಷದಿಂದ ಒಂದು ಸಲವೂ ಬಂದಿಲ್ಲ. ಕಳೆದ ದುಡ್ಡು ಲೆಕ್ಕ ಹಾಕಿದರೆ ಹದಿನೆಂಟು ಸಾವಿರ. ಗದ್ದೆ ಕೆಲಸಕ್ಕೆ ಆಳು ಇಟ್ಟಿದ್ದು ಬೇರೆ.

ಹಾಕಿ ಆಡುವವನು, ಮಡಿಕೇರಿ:
ಎಲ್ಲದಕ್ಕೂ ಗೌಟ್ ಅನ್ನಬೇಡಿ. ಶಟಲ್ ಆಡಿದ್ದಾರೆ ಅಂತ ಅವರೇ ಬರೆದಿದ್ದಾರಲ್ವಾ? ನನಗೂ ಹೆಬ್ಬೆರಳಿನ ಅದೇ ಜಾಗ. ಓಡುತ್ತಾ ಶೂ ಮುಂದೆ ಸಿಕ್ಕಿಕೊಂಡು ಬೆರಳು ಮೇಲಕ್ಕೆ ಬಾಗಿತು. ಆ ಕ್ಷಣವೇ ಚಳಕ್ ಅಂತು, ಅಲ್ಲೇ ಕೂತೆ. ಮರುದಿನ ಅಡಿಭಾಗದಲ್ಲಿ ನೀಲಿಗಟ್ಟಿತು. ಸುಮ್ನೆ ಉಳುಕು ಅಂತ ಒಂದು ವಾರ ಕಟ್ಟು ಕಟ್ಟಿಕೊಂಡು ಓಡಾಡಿದೆ. ಎಕ್ಸ್‌ರೇಯಲ್ಲಿ ಸಣ್ಣ ಬಿರುಕು ಇತ್ತು. ಆರು ವಾರ ಗಟ್ಟಿ ಅಟ್ಟೆಯ ಚಪ್ಪಲಿ, ಜಿಲ್ಲಾ ಟೂರ್ನಮೆಂಟ್ ತಪ್ಪಿತು. ಆಡಿದವರಿಗೆ ನೋವು ಬಂದರೆ ಮೊದಲು ಎಕ್ಸ್‌ರೇ.

ಮಂಡ್ಯ ಕಡೆಯವನು:
ನೀವೇ ಹೇಳಿದಿರಲ್ಲ, ಆ ಕ್ಷಣವೇ ಚಳಕ್ ಅಂತು ಅಂತ. ಅವರಿಗೆ ಆಡುವಾಗ ಏನೂ ಆಗಿಲ್ಲ, ಮಲಗಿದವರಿಗೆ ಮೂರು ಗಂಟೆಗೆ ಬಂದಿದೆ. ಪೂರ್ತಿ ಓದಿ ಬರೆಯಿರಿ.

ಹಾಕಿ ಆಡುವವನು, ಮಡಿಕೇರಿ:
ಓದಿಯೇ ಬರೆದಿದ್ದೇನೆ. ಮೈ ಬಿಸಿಯಿರುವಾಗ ನೋವು ಗೊತ್ತಾಗುವುದಿಲ್ಲ, ಆಟ ಆಡಿದವರಿಗೆ ಅದು ಅರ್ಥವಾಗುತ್ತದೆ.

ತುಮಕೂರಿನ ಮೇಷ್ಟ್ರು:
ನನ್ನದೂ ಗೌಟ್. ಯೂರಿಕ್ ಆಸಿಡ್ 8.2 ಇತ್ತು. ಒಂದು ಮಾತ್ರೆಯನ್ನೂ ನುಂಗಲಿಲ್ಲ. ತೊಗರಿ ಬೇಳೆ, ಟೊಮೇಟೊ, ಪಾಲಕ್, ಹುರುಳಿ ಎಲ್ಲ ಬಿಟ್ಟೆ. ಬೆಳಗ್ಗೆ ಬಾರ್ಲಿ ನೀರು, ರಾತ್ರಿ ನಿಂಬೆರಸ. ಹತ್ತು ದಿನದಲ್ಲಿ ನೋವು ಮಾಯ. ಮೂರು ತಿಂಗಳಿಗೆ 7.4ಕ್ಕೆ ಇಳಿಯಿತು. ಒಮ್ಮೆ ಮಾತ್ರೆ ಹಿಡಿದರೆ ಜೀವನಪೂರ್ತಿ. ಬಾಯಿ ಕಟ್ಟಿದರೆ ಸಾಕು. ಬೀಗರೂಟದ ಬಾಡೇ ಇದಕ್ಕೆ ಕಾರಣ.

ಶಿವಮೊಗ್ಗದ ಅಜ್ಜಿ:
ಮೇಷ್ಟ್ರೇ, ನಾನು ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟಿದವಳಲ್ಲ. ನನಗೆ 61ರಲ್ಲಿ ಗೌಟ್ ಬಂತು. ಬಾಡು ತಿಂದವರಿಗೆ, ಕುಡಿಯುವವರಿಗೆ ಬರುವ ಕಾಯಿಲೆ ಅಂತ ನನ್ನ ಅತ್ತಿಗೆಯೇ ಮುಖಕ್ಕೆ ಹೇಳಿದರು, ಅದು ಇವತ್ತಿಗೂ ಚುಚ್ಚುತ್ತದೆ. ನಿಮ್ಮ ಹಾಗೇ ಯಾರೋ ಹೇಳಿದರು ಅಂತ ಎಂಟು ತಿಂಗಳು ಬೇಳೆ ಬಿಟ್ಟೆ. ಬರೀ ಮಜ್ಜಿಗೆ ಅನ್ನ ತಿಂದು ಐದು ಕಿಲೋ ಇಳಿದೆ, ತಲೆ ಸುತ್ತು. ನೋವು ಎರಡು ಸಲ ಬಂದೇ ಬಂತು. ಕೊನೆಗೆ ಡಾಕ್ಟರ್ ನನ್ನ ಬಿಪಿ ಮಾತ್ರೆ ಚೀಟಿ ತರಿಸಿ ನೋಡಿದರು. ಅದರಲ್ಲಿ ಎರಡು ಔಷಧ ಸೇರಿತ್ತು, ಒಂದು ಮೂತ್ರ ಜಾಸ್ತಿ ಹೋಗಿಸುವುದು, ಹೈಡ್ರೋಕ್ಲೋರೋಥಯಜೈಡ್. ಅದು ಯೂರಿಕ್ ಆಸಿಡ್ ಅನ್ನು ಮೈಯಲ್ಲೇ ಹಿಡಿದಿಡುತ್ತದಂತೆ. ಬದಲಾಯಿಸಿದರು. ಈಗ ಸಾರು, ಹುಳಿ ಎಲ್ಲ ತಿನ್ನುತ್ತೇನೆ. ಮಗಾ, ನಿನ್ನ ಬಿಪಿ ಮಾತ್ರೆಯ ಹೆಸರೇನು? ನೀನಾಗೇ ನಿಲ್ಲಿಸಬೇಡ, ಚೀಟಿ ತಗೊಂಡು ಹೋಗು.

ತುಮಕೂರಿನ ಮೇಷ್ಟ್ರು:
ನಿಮಗೆ ಆಗಿಲ್ಲ ಅಂದರೆ ಎಲ್ಲರಿಗೂ ಆಗಲ್ಲ ಅಂತಲ್ಲ ಅಮ್ಮ. ನನಗೆ ಆಗಿದೆ.

ಹುಬ್ಬಳ್ಳಿಯ ಅಕ್ಕ:
ನೀವೆಲ್ಲ ಬೇಳೆ, ಬಾಡು ಅಂತ ಜಗಳ ಆಡುತ್ತಿದ್ದೀರಿ. ನಮ್ಮ ಮನೆಯವರ ಕಥೆ ಕೇಳಿ. ಶುಗರ್ ಇದೆ, ಹನ್ನೆರಡು ವರ್ಷದಿಂದ. ಹಿಂದೆ ಎರಡು ಸಲ ಗೌಟ್ ಬಂದಿತ್ತು. ಮೂರನೇ ಸಲ ಬೆರಳು ಕೆಂಪಾದಾಗ ಮತ್ತದೇ ಅಂದುಕೊಂಡು ಹಳೇ ಚೀಟಿಯ ಮಾತ್ರೆ ತಂದೆವು, ಅದರಲ್ಲಿ ಸ್ಟೀರಾಯ್ಡ್ ಇತ್ತು. ಎರಡನೇ ದಿನ ಸಂಜೆ ನಡುಕ, ಜ್ವರ 102. ಶುಗರ್ 400 ದಾಟಿತು. ಬೆರಳ ಸಂದಿಯಲ್ಲಿ ಸಣ್ಣ ಗಾಯ ಇತ್ತು, ಶುಗರ್ ಇದ್ದವರಿಗೆ ಕಾಲಲ್ಲಿ ಸ್ಪರ್ಶ ಕಡಿಮೆ, ಅವರಿಗೆ ಗೊತ್ತೇ ಆಗಿರಲಿಲ್ಲ. ಆಸ್ಪತ್ರೆಯಲ್ಲಿ ಕೀಲಿಗೆ ಸೂಜಿ ಹಾಕಿ ನೀರು ತೆಗೆದರೆ ಕೀವು ಬಂತು. ಆ ರಾತ್ರಿಯೇ ಕೀಲು ತೊಳೆದರು. ಹನ್ನೊಂದು ದಿನ ಅಡ್ಮಿಟ್, ಬಿಲ್ 1,38,000, ಇನ್ಶೂರೆನ್ಸ್ ಅರ್ಧಕ್ಕೂ ಕಡಿಮೆ ಕೊಟ್ಟಿತು. ನನ್ನ ಎರಡು ಬಳೆ ಇನ್ನೂ ಅಡವಲ್ಲಿವೆ. ಬೆರಳು ಉಳಿಯಿತು, ಮಡಚಲು ಬರುವುದಿಲ್ಲ. ಎರಡು ದಿನ ನೋಡಬಹುದಾ ಅಂತ ಕೇಳಿದ್ದೀರಿ. ನಾವು ನೋಡಿದ್ದು ಎರಡೇ ದಿನ.

ಮಂಡ್ಯ ಕಡೆಯವನು:
ಅಕ್ಕ, ಬೇಜಾರಾಗಬೇಡಿ, ಆದರೆ ಸುಮ್ನೆ ಹೆದರಿಸಿದ ಹಾಗಾಗುತ್ತದೆ. ಅವರಿಗೆ ಶುಗರ್ ಇಲ್ಲ, ಗಾಯ ಇಲ್ಲ.

ಹುಬ್ಬಳ್ಳಿಯ ಅಕ್ಕ:
ಇಲ್ಲ ಅಂತ ಅವರು ಎಲ್ಲಿ ಬರೆದಿದ್ದಾರೆ? ಬಿಪಿ ಮಾತ್ರೆ ಮಾತ್ರ ಅಂದಿದ್ದಾರೆ. ಶುಗರ್ ಇದೆ ಅಂತ ಗೊತ್ತೇ ಇಲ್ಲದವರು ಎಷ್ಟು ಜನ! ನೀವು ಉಳುಕು ತೆಗೆಸಿಕೊಂಡು ಬದುಕಿದಿರಿ, ಅದು ನಿಮ್ಮ ಅದೃಷ್ಟ.

ಆರ್ಥೋ ಒಪಿಡಿ ನರ್ಸ್, ಮೈಸೂರು:
ನಾನು ಹದಿನಾಲ್ಕು ವರ್ಷದಿಂದ ಈ ಕಾಲುಗಳನ್ನೇ ನೋಡುತ್ತಿದ್ದೇನೆ, ಮನೆಯಲ್ಲಿ ಯಜಮಾನರಿಗೂ ಗೌಟ್. ಅಕ್ಕ ಹೇಳಿದ್ದು ಹೆದರಿಸುವ ಮಾತಲ್ಲ. ಗೌಟ್‌ನಲ್ಲೂ ಸ್ವಲ್ಪ ಜ್ವರ ಬರಬಹುದು, ಕೀವಾದ ಕೀಲೂ ಹೀಗೇ ಕೆಂಪಗಿರುತ್ತದೆ. ಕಣ್ಣಲ್ಲಿ ನೋಡಿ ಎರಡನ್ನೂ ಬೇರೆ ಮಾಡಲು ನಮ್ಮ ದೊಡ್ಡ ಡಾಕ್ಟರಿಗೂ ಆಗುವುದಿಲ್ಲ. ಒಂದೇ ಕೀಲಲ್ಲಿ ಎರಡೂ ಒಟ್ಟಿಗೆ ಇರಬಹುದು. ಸೂಜಿಯಲ್ಲಿ ತೆಗೆದ ನೀರೇ ಹೇಳಬೇಕು. ಜ್ವರ, ನಡುಕ, ಗಾಯ, ಶುಗರ್, ಕೆಂಪು ಮೇಲಕ್ಕೆ ಹರಡುವುದು, ಇವುಗಳಲ್ಲಿ ಒಂದಿದ್ದರೂ ಅವತ್ತೇ ಬರಬೇಕು, ರಾತ್ರಿಯಾದರೂ ಸರಿ. ಇದ್ಯಾವುದೂ ಇಲ್ಲದಿದ್ದರೂ ಮೊದಲನೇ ಸಲ ಅಂದರೆ ಒಂದೆರಡು ದಿನದೊಳಗೆ ತೋರಿಸಿ. ಔಷಧ ಬೇಗ ಶುರುವಾದಷ್ಟೂ ಬೇಗ ಕೇಳುತ್ತದೆ.

ನಾನು ಮೊದಲು ಕೇಳುವುದು ಗಡಿಯಾರದ ಲೆಕ್ಕ. ಉಳುಕಿನ ನೋವಿಗೆ ಒಂದು ಘಟನೆ ಇರುತ್ತದೆ. ಇಂಥ ಹೊತ್ತಲ್ಲಿ ಹೀಗಾಯಿತು ಅಂತ ಜನ ಹೇಳುತ್ತಾರೆ. ಚರ್ಮ ನೀಲಿಗಟ್ಟುತ್ತದೆ, ಕಾಲು ಮೇಲಿಟ್ಟು ಸುಮ್ಮನಿದ್ದರೆ ನೋವು ತಗ್ಗುತ್ತದೆ. ಗೌಟ್‌ಗೆ ಸಾಮಾನ್ಯವಾಗಿ ಘಟನೆ ಇರುವುದಿಲ್ಲ. ಹೆಚ್ಚಾಗಿ ರಾತ್ರಿ ಶುರುವಾಗಿ ಒಂದು ದಿನದೊಳಗೆ ತುದಿ ಮುಟ್ಟುತ್ತದೆ, ಚರ್ಮ ಕೆಂಪಗೆ ಮಿರಮಿರ ಅನ್ನುತ್ತದೆ, ಸುಮ್ಮನೆ ಮಲಗಿದ್ದರೂ ಬಿಡುವುದಿಲ್ಲ. ಔಷಧ ಇಲ್ಲದೆಯೂ ಒಂದೆರಡು ವಾರಕ್ಕೆ ತಾನಾಗಿ ಹೋಗುತ್ತದೆ. ಅದಕ್ಕೇ ಏಳನೇ ದಿನ ಏನು ಮಾಡಿರುತ್ತೀರೋ ಅದಕ್ಕೆ ಹೆಸರು ಬರುತ್ತದೆ. ಮಂಡ್ಯದವರಿಗೆ ಎಣ್ಣೆ, ಮೇಷ್ಟ್ರಿಗೆ ನಿಂಬೆರಸ. ಮೇಷ್ಟ್ರೇ, 7.4 ಸಾಲದು, 6ರ ಕೆಳಗೆ ಇಳಿದರೆ ಕೀಲಲ್ಲಿ ಕೂತ ಹರಳು ಕರಗುತ್ತದೆ. ಬೇಳೆ ಬಿಡಬೇಕಾದದ್ದೇ ಇಲ್ಲ. ಬಿಯರ್, ಲಿವರ್, ಸಿಹಿ ಸೋಡಾ ಬಿಟ್ಟರೆ ಲಾಭ ಜಾಸ್ತಿ.

ತುಮಕೂರಿನ ಮೇಷ್ಟ್ರು:
ನಾಲ್ಕು ವರ್ಷದಿಂದ ನನಗೆ ನೋವಿಲ್ಲ, ನಿಮ್ಮ 6ರ ಲೆಕ್ಕ ನಿಮ್ಮ ಹತ್ತಿರವೇ ಇರಲಿ.

ಬೆಳಗಾವಿಯವನು:
ಮಾತ್ರೆ ಹೊಗಳುವವರು ನನ್ನದನ್ನೂ ಕೇಳಿ. ನೋವಿನ ನಡುವೆಯೇ ಒಬ್ಬರು ಅಲೋಪ್ಯೂರಿನಾಲ್ ಒಮ್ಮೆಲೇ 300 ಕೊಟ್ಟರು. ಎರಡು ತಿಂಗಳಲ್ಲಿ ಮೂರು ಸಲ ಬಂತು, ಎರಡೂ ಕಾಲಿಗೆ. ಹನ್ನೆರಡು ದಿನ ರಜೆ, ಸಂಬಳ ಕಟ್. ಮಾತ್ರೆಯಿಂದಲೇ ಅಂತ ಎಸೆದೆ. ಆಮೇಲೆ ಕೀಲು ಕಾಯಿಲೆಯ ಡಾಕ್ಟರ್, ರುಮಟಾಲಜಿಸ್ಟ್, ಹೇಳಿದರು, ಹರಳು ಕರಗಲು ಶುರುವಾದಾಗ ಮೊದಲು ಹೀಗೇ ಕೆರಳುತ್ತದೆ, 100ರಿಂದ ಶುರು ಮಾಡಿ ನಿಧಾನಕ್ಕೆ ಏರಿಸಬೇಕು, ಜೊತೆಗೆ ಕೆಲವು ತಿಂಗಳು ಗೌಟ್ ಕೆರಳದಂತೆ ತಡೆಯುವ ಮಾತ್ರೆ ಕೋಲ್ಚಿಸಿನ್ ದಿನಕ್ಕೊಂದು ಇರಬೇಕು ಅಂತ. ಇನ್ನೊಂದು, ಕೋಲ್ಚಿಸಿನ್ ಅನ್ನು ಹಳೇ ಚೀಟಿ ನೋಡಿ ಗಂಟೆಗೊಂದು ನುಂಗಬೇಡಿ. ನಾನು ಆರು ನುಂಗಿ ಭೇದಿಯಾಗಿ ಗ್ಲೂಕೋಸ್ ಹಾಕಿಸಿಕೊಂಡೆ.

ಆರ್ಥೋ ಒಪಿಡಿ ನರ್ಸ್, ಮೈಸೂರು:
ನಿಮ್ಮ ರುಮಟಾಲಜಿಸ್ಟ್ ಹೇಳಿದ್ದು ಸರಿ. ಮೈಮೇಲೆ ಗಂಧೆ ಎದ್ದರೆ ಮಾತ್ರ ಅಲೋಪ್ಯೂರಿನಾಲ್ ಅವತ್ತೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಕಿಡ್ನಿ ತೊಂದರೆ ಇದ್ದವರು ಅಂಗಡಿಯಿಂದ ನೋವಿನ ಮಾತ್ರೆ ತರಬೇಡಿ. ಕಿಡ್ನಿಯ ರಕ್ತಪರೀಕ್ಷೆ ಕ್ರಿಯಾಟಿನಿನ್ ನೋಡದೆ ನಾನು ಯಜಮಾನರಿಗೂ ಕೊಡುವುದಿಲ್ಲ.

ದಾವಣಗೆರೆಯವನು:
ಮಧ್ಯಾಹ್ನ ಹೋಗಿ ಬಂದೆ. ಜ್ವರ ಇಲ್ಲ, ಶುಗರ್ 104. ಯೂರಿಕ್ ಆಸಿಡ್ 7.9. ಸೂಜಿ ಹಾಕಲಿಲ್ಲ, ಗೌಟ್ ಥರವೇ ಇದೆ ಅಂದರು. ಕೋಲ್ಚಿಸಿನ್ 0.5 ಮೊದಲು ಎರಡು, ಒಂದು ಗಂಟೆ ಬಿಟ್ಟು ಒಂದು, ನಾಳೆಯಿಂದ ಬೆಳಗ್ಗೆ ಸಂಜೆ. ಐಸ್ ಅನ್ನು ಬಟ್ಟೆಯಲ್ಲಿ ಸುತ್ತಿ ಇಡಲು ಹೇಳಿದ್ದಾರೆ. ನಾಡಿದ್ದು ಕಡಿಮೆಯಾಗದಿದ್ದರೆ ಅಥವಾ ಜ್ವರ ಬಂದರೆ ತಕ್ಷಣ ಬರಬೇಕಂತೆ. ಅಜ್ಜಿ, ಬಿಪಿ ಮಾತ್ರೆಯ ಹೆಸರಿನ ಕೊನೆಗೆ ಎಚ್ ಅಂತ ಇದೆ. ಕೇಳಲು ಮರೆತೆ.

ಶಿವಮೊಗ್ಗದ ಅಜ್ಜಿ:
ಅದೇ ಮಗಾ, ಆ ಹೈಡ್ರೋಕ್ಲೋರೋಥಯಜೈಡ್‌ನ ಎಚ್, ನನ್ನದರಲ್ಲೂ ಇತ್ತು. ನಾಡಿದ್ದು ಹೋಗುವಾಗ ಮಾತ್ರೆಯ ಹಾಳೆಯನ್ನೇ ಜೇಬಿನಲ್ಲಿ ಇಟ್ಟುಕೋ.

ಹಾಕಿ ಆಡುವವನು, ಮಡಿಕೇರಿ:
ಎಕ್ಸ್‌ರೇ ತೆಗೆದರಾ ಇಲ್ವಾ? ಅದನ್ನು ಯಾರೂ ಕೇಳುತ್ತಿಲ್ಲ.