ಹಪ್ಪಳ: ಸುಡೂದೋ, ಕರಿಯೂದೋ, ಎಷ್ಟು ಸೆಕೆಂಡು?

ಹುಬ್ಬಳ್ಳಿ, ವಿದ್ಯಾನಗರ (ಕೇಳಿದವರು)
ಉದ್ದಿನ ಹಪ್ಪಳ ಗ್ಯಾಸಿನ ಮ್ಯಾಲೆ ಸುಟ್ರ ಅಂಚು ಕರ್ರಗ ಆಗ್ತದ, ನಡುವ ಹಳದಿ ಚುಕ್ಕಿ ಹಸೀನ ಉಳೀತದ. ಎಣ್ಣ್ಯಾಗ ಬಿಟ್ರ ಮಡಚ್ಕೊಂಡು ಎಣ್ಣಿ ಕುಡೀತಾವ. ಬರೋ ಐತವಾರ ಮನ್ಯಾಗ ಸತ್ಯನಾರಾಯಣ ಪೂಜಿ, 60 ಎಲಿ ಊಟ. ಯಾವುದು ಛಲೋ, ಎಷ್ಟು ಹೊತ್ತು ಇಡಬೇಕು?

ಗದಗ
ಅಕ್ಕಾರ, ನೀವು ದೊಡ್ಡ ಬರ್ನರ್ ಮ್ಯಾಲೆ ಸುಡ್ತಿರಬೇಕು. ಅದರ ಉರಿ ಬಳೆ ಹಂಗ ಸುತ್ತ ಇರ್ತೈತಿ, ನಡುವ ಖಾಲಿ. ಹಪ್ಪಳನ ಸರಿಯಾಗಿ ಮಧ್ಯಕ್ಕ ಹಿಡದ್ರ ಅದರ ಅಂಚು ಉರಿ ಮ್ಯಾಲೆ, ನಡು ಆ ಖಾಲಿ ಜಾಗದ ಮ್ಯಾಲೆ ಬರ್ತೈತಿ. ಅಂಚು ಹೊತ್ತೋ ತನಕ ಇಟ್ರೂ ನಡುವ ಅರಳೂದಿಲ್ಲ.

ಸಣ್ಣ ಬರ್ನರ್ ಹಚ್ರಿ. ಉರಿ ಮಧ್ಯಮಕ್ಕಿಂತ ಸ್ವಲ್ಪ ಮ್ಯಾಲೆ ಇರಲಿ, ನೀಲಿ ಇರಲಿ. ಹಳದಿ ಉರಿ ಬಂತಂದ್ರ ಬರ್ನರಿನ ತೂತಿನ್ಯಾಗ ಹೊಲಸು ಕೂತೈತಿ ಅಂತ ತಿಳೀರಿ, ಹಪ್ಪಳಕ್ಕ ಮಸಿ ಹತ್ತತೈತಿ. ಹಪ್ಪಳನ ಇಕ್ಕಳದಾಗ ಒಂದು ತುದಿಗೆ ಹಿಡಕೊಂಡು ಉರಿ ತುದಿಯಿಂದ ಎರಡು ಬೆರಳು ಎತ್ತರಕ್ಕ ಇಡ್ರಿ. ಮೊದಲ ಎರಡೂ ಮೈಗೆ ಒಂದೊಂದು ಸೆಕೆಂಡು ಬರೇ ಶಾಖ ತೋರಸ್ರಿ, ಸ್ವಲ್ಪ ಮೆತ್ತಗ ಆಗ್ತೈತಿ. ಆಮ್ಯಾಲೆ ಅಂಚು ಹಿಡೀರಿ: ಒಂದೊಂದು ಕಡೆ ಎರಡು ಸೆಕೆಂಡಿನಂಗ ತಿರಗಸ್ಕೋತ ಹೋಗ್ರಿ, ನಡುನಡುವ ಮಗುಚ್ರಿ. ಅಂಚು ಮುಗದ ಮ್ಯಾಲೆನ ನಡು. ಮೊದಲ ನಡು ಅರಳಿಸಿದ್ರ ಹಪ್ಪಳ ಬಟ್ಟಲದಂಗ ಆಗ್ತೈತಿ, ಅಂಚು ಉರಿಗೆ ಸರಿಯಾಗಿ ಸಿಗೂದಿಲ್ಲ. ಕೊನೀಗೆ ಇಕ್ಕಳ ಹಿಡದ ಜಾಗ, ಅದನ್ನ ಮರೀಬ್ಯಾಡ್ರಿ. ಅಂಗೈಕಿಂತ ಸ್ವಲ್ಪ ದೊಡ್ಡ ಹಪ್ಪಳಕ್ಕ ಒಟ್ಟು 20ರಿಂದ 25 ಸೆಕೆಂಡು.

ಗಡಿಯಾರಕ್ಕಿಂತ ಬಣ್ಣ ನೋಡ್ರಿ. ಹಸಿ ಜಾಗ ಹೊಳೀತಿರ್ತೈತಿ, ಬೆಳಕು ಹಾಯ್ತೈತಿ. ಬೆಂದದ್ದು ಬಿಳಿ ಆಗಿ, ಹೊಳಪು ಹೋಗಿ, ಸಾಸಿವಿಯಷ್ಟು ಗುಳ್ಳಿ ಏಳ್ತಾವ. ಬಿಳಿ ಆದಕೂಡ್ಲೆ ಆ ಜಾಗ ಬಿಟ್ಟು ಮುಂದಕ್ಕ ಸರೀರಿ, ಕಂದು ಬರೂತನಕ ಕಾಯಬ್ಯಾಡ್ರಿ. ಬಿಸಿ ಇದ್ದಾಗ ಹಪ್ಪಳ ಬಗ್ಗತೈತಿ, ಅದಕ್ಕ "ಇನ್ನೂ ಗರಿ ಆಗಿಲ್ಲ" ಅಂತ ಮತ್ತ ಉರಿಗೆ ಹಿಡೀಬ್ಯಾಡ್ರಿ. ತಾಟಿನ್ಯಾಗ ಹಾಕಿ ಎರಡು ಸೆಕೆಂಡು ಒತ್ತಿ ಬಿಡ್ರಿ, ಅರ್ಧ ನಿಮಿಷದಾಗ ತಾನಾಗೇ ಗರಿ ಆಗ್ತೈತಿ.

ರಾಣೇಬೆನ್ನೂರು
ಇಷ್ಟೆಲ್ಲಾ ಯಾಕ್ರಿ? ಕರೀರಿ, ಮುಗೀತು. ಎಣ್ಣಿ ಹೊಗಿ ಬಂದ ಮ್ಯಾಲೆ ಬಿಡ್ರಿ, ಎಣ್ಣಿ ಕುಡಿಯಾಂಗಿಲ್ಲ. ನಿಮ್ಮ ಎಣ್ಣಿ ಕಾದಿರಲಿಕ್ಕಿಲ್ಲ ಅಷ್ಟ.

ಧಾರವಾಡ, ಸಪ್ತಾಪುರ
ಎಣ್ಣಿ ಕಾದಿಲ್ಲ ಅನ್ನೂದು ಖರೆ ಅದ ಅಣ್ಣಾರ, ಆದ್ರ ಹೊಗಿ ನಂಬಬ್ಯಾಡ್ರಿ. ಗಾಣದ ಶೇಂಗಾ ಎಣ್ಣಿ ಲಗೂನ ಹೊಗಿ ಬಿಡ್ತದ, ಆಗಿನ್ನೂ ಹಪ್ಪಳ ಅರಳೂವಷ್ಟು ಕಾವು ಇರೂದಿಲ್ಲ. ರಿಫೈಂಡ್ ಎಣ್ಣಿ ಹೊಗಿ ಬರೂ ಹೊತ್ತಿಗೆ ಅತಿ ಆಗಿರ್ತದ, ಹಪ್ಪಳ ಬಿದ್ದಕೂಡ್ಲೆ ಕೆಂಪಾಗಿ ಕಹಿ ಹೊಡೀತದ.

ಪರೀಕ್ಷೆಗೆ ಕಡ್ಲಿಕಾಳಷ್ಟು ಹಪ್ಪಳದ ಚೂರು ಹಾಕ್ರಿ. ತಳಕ್ಕ ಹೋಗಿ ಒಂದು ಸೆಕೆಂಡಿನ್ಯಾಗ ಮ್ಯಾಲೆ ಬಂದು ಬಿಳಿ ಆಗಿ ಅರಳಿದ್ರ ಎಣ್ಣಿ ತಯಾರ್. ತಳದಾಗ ಕೂತು ಸಣ್ಣ ಗುಳ್ಳಿ ಬಿಟ್ಕೋತ ಇದ್ರ ಇನ್ನೂ ಕಾಯಬೇಕು. ಹಾಕಿದ ಕೂಡ್ಲೆ ಕಂದಾದ್ರ ಉರಿ ಸಣ್ಣ ಮಾಡಿ ಅರ್ಧ ನಿಮಿಷ ಬಿಡ್ರಿ. ಡಿಗ್ರಿ ಲೆಕ್ಕದಾಗ ಇದು 180ರಿಂದ 200ರ ನಡುವ ಬರ್ತದ. ಹಪ್ಪಳದೊಳಗಿನ ಸ್ವಲ್ಪ ನೀರಿನಂಶ ಒಮ್ಮೆಲೆ ಉಗಿಯಾಗಿ ಹಿಟ್ಟನ್ನ ಉಬ್ಬಸಬೇಕು, ಹಪ್ಪಳಖಾರದಿಂದ ಬರೂ ಗಾಳಿನೂ ಅದಕ್ಕ ಕೂಡ್ತದ. ಕಾವು ಕಮ್ಮಿ ಇದ್ರ ಉಗಿ ನಿಧಾನಕ್ಕ ಸೋರಿ ಹೋಗ್ತದ, ಉಬ್ಬೂ ಮೊದಲ ಹಪ್ಪಳ ಗಟ್ಟಿ ಆಗಿಬಿಡ್ತದ. ಅದಕ್ಕ ಎಣ್ಣಿ ಕುಡದು ಚರ್ಮದಂಗ ಜಗೀತದ.

ಬಿಟ್ಟ ಮ್ಯಾಲೆ ಝಾರಿಯಿಂದ ಹಗುರಕ ಒತ್ತಿ ಮುಳುಗಸ್ರಿ, ಎರಡು ಸೆಕೆಂಡಿಗೆ ಮಗುಚ್ರಿ, ಇನ್ನೆರಡು ಸೆಕೆಂಡಿಗೆ ತಗೀರಿ. ಬಣ್ಣ ಬರೂತನಕ ಇಡಬ್ಯಾಡ್ರಿ, ಹೊರಗ ತಗದ ಮ್ಯಾಲೂ ಒಂಚೂರು ಬಣ್ಣ ಏರ್ತದ. ಚಪ್ಪಟಿ ಇಡಬ್ಯಾಡ್ರಿ, ದೊಡ್ಡ ಜಾಳಗಿಯೊಳಗ ನಿಲ್ಲಿಸಿ ಇಡ್ರಿ, ಎಣ್ಣಿ ಅಂಚಿನಿಂದ ಇಳೀತದ. ಮಡಚ್ಕೊಳ್ಳೂದಕ್ಕ ಕಾರಣ ಬಾಣಲಿ ಸಣ್ಣದು ಇರಬಹುದು. ಅರಳಿದ ಹಪ್ಪಳ ಹಸಿಗಿಂತ ದೊಡ್ಡದಾಗ್ತದ, ಎಣ್ಣಿಯ ಮೇಲ್ಮೈ ಅದಕ್ಕಿಂತ ಎರಡು ಬೆರಳು ಅಗಲ ಬೇಕು. ಇಲ್ಲಂದ್ರ ಕತ್ರಿಯಿಂದ ಎರಡು ಹೋಳು ಮಾಡಿ ಕರೀರಿ.

ಹಾನಗಲ್
ನಮ್ಮ ಅಕ್ಕಿ ಹಪ್ಪಳಾನೂ ಸುಟ್ರ ಅರಳೂದಿಲ್ರೀ. ಹಿಟ್ಟಿಗೆ ಹಪ್ಪಳಖಾರ ಕಮ್ಮಿ ಆಗಿರಬೇಕು, ಕಿಲೋಕ್ಕ ಎಷ್ಟು ಹಾಕಬೇಕು ಅಂತ ಯಾರಾದ್ರೂ ಹೇಳ್ರಿ.

ಗದಗ
ಇಲ್ಲಿ ಮಾಡೂದನ್ನ ಕೇಳಿಲ್ಲ ವೈನಿ, ಮಾಡಿದ್ದನ್ನ ಸುಡೂದನ್ನ ಕೇಳ್ಯಾರ. ಖಾರ ಹೆಚ್ಚು ಮಾಡಾಕ ಹೋಗಬ್ಯಾಡ್ರಿ, ಸೋಡಾ ವಾಸನಿ ಬಂದು ಕೆಂಪಗ ಆಗ್ತಾವ. ಅಕ್ಕಿ ಹಪ್ಪಳಕ್ಕ ಎಣ್ಣೀನ ಸರಿ. ಅದಕ್ಕ ಎಲ್ಲಾ ಕಡೆ ಒಮ್ಮೆಲೆ ಕಾವು ಬೇಕು, ಉರಿ ಮ್ಯಾಲೆ ಒಂದು ಕಡೆ ಅರಳೂದ್ರಾಗ ಇನ್ನೊಂದು ಕಡೆ ಹೊತ್ತತೈತಿ. ಸುಡೂದ ಅಂದ್ರ ಕೆಂಡದ ಮ್ಯಾಲೆ ಸುಡ್ರಿ.

ರಾಣೇಬೆನ್ನೂರು
ಹಂಗಾರ ಮೊದಲ ಬಿಸಲಿಗೆ ಒಣಗಸ್ರಿ. ಎಷ್ಟು ಒಣಗಿದ್ರ ಅಷ್ಟು ಛಲೋ ಅರಳ್ತಾವ.

ಧಾರವಾಡ, ಸಪ್ತಾಪುರ
ಅರ್ಧ ಖರೆ. ನಮ್ಮಲ್ಲಿ ಜಿಟಿಜಿಟಿ ಮಳಿ ಹಿಡದಾಗ ಹಪ್ಪಳ ಮೆತ್ತಗಾಗಿ ಬಿಡ್ತದ, ಬಗ್ಗಿಸಿದ್ರ ಮುರಿಯೂದಿಲ್ಲ. ಅಂಥಾದ್ದಕ್ಕ 15-20 ನಿಮಿಷ ಬಿಸಲು ಬೇಕ. ಆದ್ರ ದಿನಗಟ್ಲೆ ಒಣಗಿಸಿದ್ರ ಉಬ್ಬಸೂ ನೀರಿನಂಶಾನ ಹೋಗ್ತದ, ಕೈಯಾಗ ಹಿಡದ್ರ ಪುಡಿ ಆಗ್ತದ, ಅರಳಿದ್ರೂ ಕಮ್ಮಿ.

ಗದಗ
ಇದಕ್ಕ ನಾ ಒಪ್ಪೂದಿಲ್ಲ. ನಮ್ಮ ಒಣ ಹವಾದಾಗ ಇಟ್ಟ ಹಪ್ಪಳ ಬಿಸಲಿಲ್ದನ ಛಲೋ ಅರಳ್ತಾವ, ಬಿಸಲಿಗೆ ಇಟ್ರೂ ಫರಕ್ ಕಾಣೂದಿಲ್ಲ. ಬಗ್ಗಿಸಿ ನೋಡಿ ನಿಮ್ಮದು ನೀವ ತೀರ್ಮಾನ ಮಾಡ್ರಿ.

ಹುಬ್ಬಳ್ಳಿ, ವಿದ್ಯಾನಗರ
ಸಣ್ಣ ಬರ್ನರ್ ಮ್ಯಾಲೆ ಮೂರು ಸುಟ್ಟು ನೋಡಿದೆ, ನಡುವ ಹಳದಿ ಹೋತು. ಇಕ್ಕಳ ಹಿಡದ ಜಾಗ ಒಂದರಾಗ ಹಸಿ ಉಳದದ. ಐತವಾರಕ್ಕ ಯಾವುದು ಮಾಡಲಿ ಹೇಳ್ರಿ.

ಧಾರವಾಡ, ಸಪ್ತಾಪುರ
60 ಎಲಿಗೆ ಕರೀರಿ. ಒಡಿಯೂದು, ಹೊತ್ತೂದು ಸೇರಿ 65 ಹಪ್ಪಳ ಹಿಡೀರಿ. ಕರಿಯೂದು ಐದು ಸೆಕೆಂಡು ಆದ್ರೂ ತಗಿಯೂದು, ಎಣ್ಣಿ ಮತ್ತ ಕಾಯೂದು ಸೇರಿ ಒಂದಕ್ಕ 15 ಸೆಕೆಂಡು, ಅಂದ್ರ ಒಟ್ಟು 16-17 ನಿಮಿಷ. ಸುಟ್ರ ಒತ್ತೂದು ಸೇರಿ ಒಂದಕ್ಕ 40 ಸೆಕೆಂಡು, ಮುಕ್ಕಾಲು ತಾಸು ಒಲಿ ಮುಂದ ನಿಲ್ಲಬೇಕು, ಕೊನೀದು ಮುಗಿಯೂದ್ರಾಗ ಮೊದಲಿಂದು ಮೆತ್ತಗಾಗಿರ್ತದ. ಸುಟ್ಟ ಹಪ್ಪಳ ಬಡಸೂ ಮುಂದನ ಆಗಬೇಕು. ಎಣ್ಣಿ ಬ್ಯಾಡ ಅನ್ನೂ ಹಿರಿಯರಿದ್ರ ಅವರಿಗಷ್ಟ ಸುಟ್ಟು ಕೊಡ್ರಿ.

ಪ್ರತಿ ಹತ್ತು ಹಪ್ಪಳಕ್ಕ ಮತ್ತ ಚೂರು ಹಾಕಿ ನೋಡ್ರಿ. ಮೊದಲ ಚೂರಿಗಿಂತ ನಿಧಾನ ಅರಳಿದ್ರ ಅರ್ಧ ನಿಮಿಷ ಬಿಡುವು ಕೊಡ್ರಿ. ಊಟಕ್ಕ ಒಂದು ತಾಸು ಮೊದಲ ಕರದು ಮುಗಸ್ರಿ, 15 ನಿಮಿಷ ಪೂರಾ ಆರಲಿ, ಆಮ್ಯಾಲೆ ಸ್ಟೀಲ್ ಡಬ್ಬಿಗೆ ಹಾಕಿ ಬಾಯಿ ಬಿಗೀರಿ. ಬಿಸಿ ಇದ್ದಾಗ ಮುಚ್ಚಿದ್ರ ಮುಚ್ಚಳದಾಗ ಬೆವರು ಕೂತು ಮ್ಯಾಲಿನ ಹತ್ತು ಹಪ್ಪಳ ಮೆತ್ತಗಾಗ್ತಾವ.

ಹುಬ್ಬಳ್ಳಿ, ವಿದ್ಯಾನಗರ
ಆತ್ರೀ. ನಮ್ಮ ಬಾಣಲಿ ಸಣ್ಣದು, ಕತ್ರಿ ಹಿಡೀತೀನಿ.